ಹೇಳುವ ಬಾಯಿ, ಬರೆಯುವ ಕೈ

ಪ್ರಥಮ ಪಿಯುಸಿಯಲ್ಲಿದ್ದಾಗ ಕಣ್ಣು ಕಾಣದ ಹುಡುಗನೊಬ್ಬನಿಗೆ ದ್ವಿತೀಯ ಪಿಯುಸಿಯ ಇತಿಹಾಸ ಪತ್ರಿಕೆ ಬರೆದುಕೊಡಲು ಕೂತಿದ್ದೆ. ಅವನು ‘ಟಿಪ್ಪು 1799ರಲ್ಲಿ ಸತ್ತ’ ಎಂದ. ನಾನು ‘ಟಿಪ್ಪು ಸುಲ್ತಾನನು 1799ರಲ್ಲಿ ವೀರಮರಣವನ್ನಪ್ಪಿದನು’ ಎಂದು ಬರೆದೆ. ಉಪಕಾರ ಮಾಡುತ್ತಿದ್ದೇನೆ ಎಂದೇ ನನ್ನ ನಂಬಿಕೆ. ಒಂದು ಪುಟವಾದ ಮೇಲೆ ಅವನು ‘ಎಲ್ಲಿ, ಓದು’ ಎಂದ. ಓದಿದೆ. ‘ನಾನು ಹೇಳಿದ್ದು ಅದಲ್ಲ. ಹೊಡೆದುಹಾಕು. ಸತ್ತ ಅಂತಲೇ ಬರಿ’ ಎಂದ. ಆ ಪುಟದಲ್ಲಿ ನಾನು ‘ತಿದ್ದಿದ್ದ’ ವಾಕ್ಯಗಳು ಐದಾರು ಇದ್ದವು. ಅವನ್ನೆಲ್ಲ ಹೊಡೆದು ಮತ್ತೆ ಬರೆಯುವಷ್ಟರಲ್ಲಿ ಹದಿನೈದು ನಿಮಿಷ ಹೋಯಿತು. ಕೊನೆಯ ಹತ್ತು ಅಂಕದ ಪ್ರಶ್ನೆಗೆ ಅವನಿಗೆ ಉತ್ತರ ಪೂರ್ತಿ ಗೊತ್ತಿತ್ತು, ಆದರೆ ಅರ್ಧಕ್ಕೇ ಗಂಟೆ ಹೊಡೆಯಿತು.

ಆವತ್ತು ಅವನ ಅಂಕ ತಿಂದದ್ದು ಅವನ ಕುರುಡಲ್ಲ, ನನ್ನ ಚೆಂದದ ಕನ್ನಡ. ಸ್ಕ್ರೈಬ್ ಸಿಗುವುದು ಒಂದು ಮಾತು, ಸರಿಯಾದ ಸ್ಕ್ರೈಬ್ ಸಿಗುವುದು ಇನ್ನೊಂದು ಮಾತು. ಮೊದಲನೆಯದಕ್ಕೆ ಕಾನೂನು ಇದೆ. ಎರಡನೆಯದನ್ನು ವಿದ್ಯಾರ್ಥಿಯೇ ಮಾಡಿಕೊಳ್ಳಬೇಕು.

ಕಾನೂನಿನ ಬೇರು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿದೆ. ಅದರ 17ನೇ ಕಲಮು ಪರೀಕ್ಷೆಯ ಕ್ರಮವನ್ನು ಈ ವಿದ್ಯಾರ್ಥಿಗಳಿಗೆ ಹೊಂದುವಂತೆ ಬದಲಾಯಿಸಬೇಕೆಂದು ಹೇಳುತ್ತದೆ. ಉತ್ತರ ಬರೆಯಲು ಹೆಚ್ಚಿನ ಸಮಯ, ಬರೆದುಕೊಡುವ ವ್ಯಕ್ತಿ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಇವನ್ನು ಹೆಸರಿಟ್ಟು ಹೇಳುತ್ತದೆ. ಆದರೆ ಎಷ್ಟು ನಿಮಿಷ, ಯಾರಿಗೆ, ಯಾರ ಸಹಿಯ ಮೇಲೆ ಎಂಬುದು ಕಾಯ್ದೆಯಲ್ಲಿಲ್ಲ. ಅದು ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ ಮಾರ್ಗಸೂಚಿಗಳಲ್ಲಿದೆ. ಈ ಕಾಯ್ದೆಗೂ ಮುಂಚೆ, 2013ರ ಫೆಬ್ರವರಿಯಲ್ಲೇ ಮೊದಲನೆಯದು ಬಂತು, ಕಾಯ್ದೆ ಬಂದ ಮೇಲೆ 2018ರ ಆಗಸ್ಟ್‌ನಲ್ಲಿ ಅದನ್ನು ಪರಿಷ್ಕರಿಸಿದರು. ಇವತ್ತಿಗೂ ಪರೀಕ್ಷಾ ಕೇಂದ್ರಗಳಲ್ಲಿ ನಡೆಯುವ ವಾದಗಳೆಲ್ಲ ಹೆಚ್ಚುಕಡಿಮೆ ಈ 2018ರ ಮಾತುಗಳ ಸುತ್ತಲೇ ತಿರುಗುತ್ತವೆ.

2013ರ ಮಾರ್ಗಸೂಚಿ ಒಂದು ಪದವನ್ನೇ ಬದಲಾಯಿಸಿತು. ‘ಹೆಚ್ಚುವರಿ ಸಮಯ’ ಎನ್ನಬೇಡಿ, ‘ಪರಿಹಾರಾತ್ಮಕ ಸಮಯ’ ಎನ್ನಿ ಎಂದಿತು. ಕನ್ನಡದಲ್ಲಿ ಪರಿಹಾರ ಎಂದಕೂಡಲೇ ನಮಗೆ ನೆರೆ ಪರಿಹಾರ, ಬರ ಪರಿಹಾರ ನೆನಪಾಗಿ, ಯಾರೋ ಕೈಯೆತ್ತಿ ಕೊಟ್ಟದ್ದು ಅನ್ನಿಸುತ್ತದೆ. ಇಲ್ಲಿ ಅದರ ಅರ್ಥ ಬೇರೆ. ಕಳೆದುಹೋದದ್ದನ್ನು ತುಂಬಿಕೊಡುವುದು. ಉಳಿದ ವಿದ್ಯಾರ್ಥಿಗಳು ಪ್ರಶ್ನೆಯನ್ನು ಕಣ್ಣಾಡಿಸಿ ಓದುತ್ತಾರೆ, ಯೋಚಿಸುತ್ತಲೇ ಬರೆಯುತ್ತಾರೆ. ಸ್ಕ್ರೈಬ್ ಇಟ್ಟುಕೊಂಡವರು ಪ್ರಶ್ನೆ ಓದಿಸಿಕೊಳ್ಳಬೇಕು, ಅದನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕು, ಹೇಳಬೇಕು, ಬರೆಯುವ ಕೈಗಾಗಿ ಕಾಯಬೇಕು, ಬರೆದದ್ದನ್ನು ಕೇಳಿ ತಿದ್ದಿಸಬೇಕು. ಈ ಸೋರಿಕೆಗೆ ಮಾರ್ಗಸೂಚಿ ಇಟ್ಟ ಲೆಕ್ಕ ಗಂಟೆಗೆ 20 ನಿಮಿಷ, ಅದೂ ‘ಕಡಿಮೆಯೆಂದರೆ’. ಮೂರು ಗಂಟೆಯ ಪತ್ರಿಕೆ ನಾಲ್ಕು ಗಂಟೆಯಾಗುತ್ತದೆ. ಎರಡೂವರೆ ಗಂಟೆಯದಕ್ಕೆ 50 ನಿಮಿಷ ಸೇರುತ್ತದೆ. 45 ನಿಮಿಷದ ಕಿರುಪರೀಕ್ಷೆಗೆ 15 ನಿಮಿಷ. ಒಂದು ಗಂಟೆಗಿಂತ ಚಿಕ್ಕ ಪರೀಕ್ಷೆಗೆ ಸಿಗುವ ಸಮಯ 5 ನಿಮಿಷಕ್ಕಿಂತ ಕಡಿಮೆ ಇರಬಾರದು, ಐದೈದರ ಲೆಕ್ಕದಲ್ಲೇ ಇರಬೇಕು.

ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಸ್ಕ್ರೈಬ್ ಬೇಡವೆಂದರೆ ಸಮಯವೂ ಇಲ್ಲ ಎಂದು ಕೆಲವು ಕೇಂದ್ರಗಳಲ್ಲಿ ಹೇಳಿಬಿಡುತ್ತಾರೆ. ಹಾಗಿಲ್ಲ. ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯವಿದ್ದು ತಾನೇ ಬರೆಯುವ ವಿದ್ಯಾರ್ಥಿಗೂ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ ಕೊಡಬಹುದೆಂದು 2018ರ ಮಾರ್ಗಸೂಚಿಯೇ ಹೇಳಿದೆ. ಬೆರಳು ನಿಧಾನವಾದರೂ ತನ್ನದೇ ಅಕ್ಷರ ಬೇಕು ಎನ್ನುವವರಿಗೆ, ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ ಕೇಳಿ ಓದಿಕೊಳ್ಳುವ ಮಂದದೃಷ್ಟಿಯವರಿಗೆ, ಕಂಪ್ಯೂಟರಿನಲ್ಲೋ ಬ್ರೈಲ್‌ನಲ್ಲೋ ಬರೆಯುವವರಿಗೆ ಇದು ಸಲ್ಲುತ್ತದೆ. ಸ್ಕ್ರೈಬ್ ಬೇಕೇ ಬೇಡವೇ ಎಂಬ ಯೋಚನೆ ಇಲ್ಲಿಂದಲೇ ಶುರುವಾಗಬೇಕು. ಸ್ವಂತ ಕೈಯಲ್ಲಿ ಆಗುವ ಕೆಲಸವನ್ನು ಬರೀ ಸಮಯದ ಆಸೆಗೆ ಬೇರೆಯವರ ಕೈಗೆ ಕೊಟ್ಟು ಪೇಚಾಡಿದವರನ್ನು ನೋಡಿದ್ದೇನೆ.

ಸ್ಕ್ರೈಬ್ ಯಾರಿಗೆ ಎಂಬ ಪ್ರಶ್ನೆಗೆ 2018ರ ಮಾರ್ಗಸೂಚಿ ಎರಡು ಬಾಗಿಲು ಇಟ್ಟಿದೆ. ಶೇ 40ರ ಮಿತಿ ದಾಟಿದ ಅಂಧರು, ಎರಡೂ ಕೈಗಳಿಗೆ ತೊಂದರೆ ಇರುವವರು, ಸೆರೆಬ್ರಲ್ ಪಾಲ್ಸಿ ಇರುವವರು ಕೇಳಿದರೆ ಸಾಕು, ಕೊಡಲೇಬೇಕು. ಉಳಿದ ವೈಕಲ್ಯಗಳವರು ‘ಈ ವ್ಯಕ್ತಿಗೆ ಬರೆಯಲು ದೈಹಿಕ ಮಿತಿ ಇದೆ, ಬರೆದುಕೊಡುವವರು ಅಗತ್ಯ’ ಎಂಬ ಪ್ರಮಾಣಪತ್ರ ತರಬೇಕು. ಅದಕ್ಕೆ ಸರ್ಕಾರಿ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿ, ಸಿವಿಲ್ ಸರ್ಜನ್ ಅಥವಾ ವೈದ್ಯಕೀಯ ಅಧೀಕ್ಷಕರ ಸಹಿ ಬೇಕು. ನಮೂನೆ ಮಾರ್ಗಸೂಚಿಯ ಮೊದಲ ಅನುಬಂಧದಲ್ಲಿದೆ. ಸಹಿ ಹಾಕುವವರು ಆಯಾ ವಿಭಾಗದ ತಜ್ಞರಾಗಿರಬೇಕೆಂಬ ಟಿಪ್ಪಣಿಯೂ ಅದರ ಕೆಳಗಿದೆ. ಕಣ್ಣಿಗೆ ಕಣ್ಣಿನ ವೈದ್ಯರು, ಕೈಗೆ ಮೂಳೆ ತಜ್ಞರು.

ಹೆಚ್ಚಿನ ಅರ್ಜಿಗಳು ಎಡವುವುದು ಇಲ್ಲೇ. ಪೋಷಕರು ಯುಡಿಐಡಿ ಕಾರ್ಡು ಹಿಡಿದುಕೊಂಡು ಬರುತ್ತಾರೆ, ಅದರಲ್ಲಿ ಶೇ 60 ಎಂದು ಇರುತ್ತದೆ, ಇನ್ನೇನು ಬೇಕು ಎನ್ನುತ್ತಾರೆ. ಕಾರ್ಡು ವೈಕಲ್ಯ ಎಷ್ಟು ಎಂದು ಹೇಳುತ್ತದೆ, ಬರೆಯಲು ಆಗುತ್ತದೋ ಇಲ್ಲವೋ ಎಂದು ಹೇಳುವುದಿಲ್ಲ. ಕಾಲಿನ ಪೋಲಿಯೊದಿಂದ ಶೇ 60 ಬಂದಿರಬಹುದು, ಬಲಗೈಯ ನರದ ತೊಂದರೆಯಿಂದಲೂ ಬಂದಿರಬಹುದು. ಆದ್ದರಿಂದ ಎರಡನೇ ಬಾಗಿಲಿನಿಂದ ಬರುವವರಿಗೆ ಕಾರ್ಡು ಒಂದು, ಬರೆಯಲಾಗದ ಪ್ರಮಾಣಪತ್ರ ಇನ್ನೊಂದು, ಎರಡೂ ಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ತಜ್ಞರು ಸಿಗುವ ವಾರ, ಅಧೀಕ್ಷಕರು ಸಹಿ ಹಾಕುವ ವಾರ ಬೇರೆಬೇರೆ ಇರುವುದು ಹೊಸದೇನಲ್ಲ. ಪರೀಕ್ಷೆ ಮಾರ್ಚಿನಲ್ಲಿದ್ದರೆ ದಸರಾ ರಜೆಯಲ್ಲೇ ಈ ಓಡಾಟ ಮುಗಿಸಿಕೊಳ್ಳುವುದು ಲೇಸು.

ಶೇ 40 ಮುಟ್ಟದವರ ಕತೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ವಿಕಾಸ್ ಕುಮಾರ್ ಎಂಬ ಅಭ್ಯರ್ಥಿಗೆ ಬರೆಯಲು ಹೋದರೆ ಕೈ ಸೆಟೆದುಕೊಳ್ಳುವ ಕಾಯಿಲೆ ಇತ್ತು. 2018ರ ನಾಗರಿಕ ಸೇವಾ ಪರೀಕ್ಷೆಗೆ ಸ್ಕ್ರೈಬ್ ಕೇಳಿದರೆ, ನಿಮ್ಮ ತೊಂದರೆ ನಮ್ಮ ಪಟ್ಟಿಯಲ್ಲಿಲ್ಲ ಎಂದು ಕೇಂದ್ರ ಲೋಕಸೇವಾ ಆಯೋಗ ನಿರಾಕರಿಸಿತು. 2021ರ ಫೆಬ್ರವರಿ 11ರಂದು ತೀರ್ಪು ಬಂತು. ಶೇ 40ರ ಅಳತೆ ಇರುವುದು ಉದ್ಯೋಗ ಮೀಸಲಾತಿಯಂಥ ಸೌಲಭ್ಯಗಳಿಗೆ, ಸ್ಕ್ರೈಬ್ ಪಡೆಯಲು ಅದು ಪೂರ್ವಷರತ್ತಲ್ಲ ಎಂದು ನ್ಯಾಯಾಲಯ ಹೇಳಿತು. ಅದರ ಫಲವಾಗಿ 2022ರ ಆಗಸ್ಟ್‌ನಲ್ಲಿ ಶೇ 40ಕ್ಕಿಂತ ಕಡಿಮೆ ಇದ್ದು ಬರೆಯಲು ಕಷ್ಟಪಡುವವರಿಗೂ ಪ್ರತ್ಯೇಕ ಮಾರ್ಗಸೂಚಿ ಬಂತು. ಗಂಟೆಗೆ ಅದೇ 20 ನಿಮಿಷ. ಆದರೆ ಪ್ರಮಾಣಪತ್ರಕ್ಕೆ ಒಬ್ಬ ವೈದ್ಯರ ಸಹಿ ಸಾಲದು, ನರರೋಗ ತಜ್ಞರು, ಮನಶ್ಶಾಸ್ತ್ರಜ್ಞರು ಮುಂತಾದವರಿರುವ ಸಮಿತಿಯ ಮುಂದೆ ಹೋಗಬೇಕು. ಇಂಥ ಸಮಿತಿ ಕೂಡುವುದನ್ನು ಕಾಯುವುದೇ ಸಣ್ಣ ಊರಿನವರಿಗೆ ಇನ್ನೊಂದು ಪರೀಕ್ಷೆ.

ಅದೇ 2021ರ ನವೆಂಬರಿನಲ್ಲಿ ಇನ್ನೊಂದು ತೀರ್ಪು ಬಂತು. ಅವನಿ ಪ್ರಕಾಶ್ ಎಂಬ ವಿದ್ಯಾರ್ಥಿನಿಗೆ ಬರವಣಿಗೆಯ ತೊಡಕಾದ ಡಿಸ್‌ಗ್ರಾಫಿಯಾ ಇತ್ತು. ನೀಟ್ ಪರೀಕ್ಷೆಯಲ್ಲಿ ಅವರಿಗೆ ಒಂದು ಗಂಟೆ ಸಿಗಬೇಕಿತ್ತು. ಕೇಂದ್ರದಲ್ಲಿ ಎಲ್ಲರ ಜೊತೆಗೆ ಅವರ ಉತ್ತರಪತ್ರಿಕೆಯನ್ನೂ ಎಳೆದುಕೊಂಡರು. ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನಮ್ಮ ಕೊಡಗಿನವರಾದ ನ್ಯಾಯಮೂರ್ತಿ ಬೋಪಣ್ಣ ಅವರ ಪೀಠ ಇದು ಅನ್ಯಾಯವೆಂದು ಒಪ್ಪಿತು, ಆ ಅನ್ಯಾಯವನ್ನು ಹೇಗೆ ಸರಿಪಡಿಸಬಹುದೆಂದು ಯೋಚಿಸುವಂತೆ ಪರೀಕ್ಷಾ ಸಂಸ್ಥೆಗೆ ಸೂಚಿಸಿತು, ಆದರೆ ಮರುಪರೀಕ್ಷೆಗೆ ಒಪ್ಪಲಿಲ್ಲ. ವಿದ್ಯಾರ್ಥಿಗಳು ನೆನಪಿಟ್ಟುಕೊಳ್ಳಬೇಕಾದ ತೀರ್ಪು ನನ್ನ ಪ್ರಕಾರ ಇದು. ಕೈತಪ್ಪಿದ ಗಂಟೆಯನ್ನು ಸುಪ್ರೀಂ ಕೋರ್ಟೂ ಹಿಂದಕ್ಕೆ ಕೊಡಲಾರದು. ಸಮಯದ ಜಗಳವನ್ನು ಗಂಟೆ ಹೊಡೆಯುವ ಮೊದಲೇ, ಕಾಗದ ತೋರಿಸಿ ಮುಗಿಸಿರಬೇಕು.

ಇನ್ನು ಆಯ್ಕೆಯ ಮಾತು. ಸ್ವಂತ ಸ್ಕ್ರೈಬ್ ಕರೆತರುವುದು, ಇಲ್ಲವೇ ಪರೀಕ್ಷಾ ಸಂಸ್ಥೆಯನ್ನು ಕೇಳುವುದು, ಎರಡೂ ವಿದ್ಯಾರ್ಥಿಯ ಇಷ್ಟಕ್ಕೆ ಬಿಟ್ಟದ್ದು ಎಂದು 2018ರ ಮಾರ್ಗಸೂಚಿ ಹೇಳಿತು. ಆದರೆ ಎರಡಕ್ಕೂ ಅದು ಎಳೆದ ವಿದ್ಯಾರ್ಹತೆಯ ಗೆರೆ ಬೇರೆ. ಸಂಸ್ಥೆ ಕೊಡುವ ಸ್ಕ್ರೈಬ್ ಆ ಪರೀಕ್ಷೆಗೆ ಬೇಕಾದ ಕನಿಷ್ಠ ವಿದ್ಯಾರ್ಹತೆಗಿಂತ ಹೆಚ್ಚು ಓದಿರಬಾರದು, ಎಸ್ಎಸ್ಎಲ್‌ಸಿಗಿಂತ ಕಡಿಮೆಯೂ ಇರಬಾರದು. ಸ್ವಂತ ಸ್ಕ್ರೈಬ್ ಆದರೆ ಅಭ್ಯರ್ಥಿಯ ಓದಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕು. ಇಲ್ಲಿ ಅಳೆಯುವುದು ಪರೀಕ್ಷೆಯನ್ನಲ್ಲ, ಅಭ್ಯರ್ಥಿಯನ್ನು. ಪಿಯುಸಿ ಅರ್ಹತೆಯ ಹುದ್ದೆಗೆ ಬಿ.ಎ. ಮುಗಿಸಿದವಳು ಅರ್ಜಿ ಹಾಕಿದರೆ ಆ ಲೆಕ್ಕದಲ್ಲಿ ಅವಳ ಸ್ಕ್ರೈಬ್ ಪಿಯುಸಿ ಓದಿದವನಾಗಬಹುದಿತ್ತು. ಶಾಲಾ ಮಂಡಳಿಯ ಪರೀಕ್ಷೆಗಳಿಗೆ ಆಯಾ ಮಂಡಳಿಯ ಸುತ್ತೋಲೆಯೇ ನಡೆಯುತ್ತದೆ. ನಮ್ಮಲ್ಲಿ ಎಸ್ಎಸ್ಎಲ್‌ಸಿಗೆ ಕೆಳಗಿನ ತರಗತಿಯ ಮಕ್ಕಳು, ಸಾಮಾನ್ಯವಾಗಿ ಒಂಬತ್ತನೆಯ ತರಗತಿಯವರು, ಬರೆದುಕೊಡುತ್ತಾರೆ.

ಸ್ವಂತ ಸ್ಕ್ರೈಬ್ ತರುವವರು ಅವರ ಓದಿನ ಬಗ್ಗೆ ಮುಚ್ಚಳಿಕೆ ಬರೆದುಕೊಡಬೇಕು. ಹೇಳಿದ್ದಕ್ಕಿಂತ ಹೆಚ್ಚು ಓದಿದ್ದಾರೆಂದು ಆಮೇಲೆ ಗೊತ್ತಾದರೆ ಹುದ್ದೆಯ ಹಕ್ಕು ಬಿಡುತ್ತೇನೆ ಎಂಬುದು ಅದರ ಸಾರ. ‘ಎಂ.ಎ. ಓದಿದ ಅಕ್ಕನನ್ನು ಪಿಯುಸಿ ಎಂದು ತೋರಿಸಿದರೆ ಯಾರಿಗೆ ಗೊತ್ತಾಗುತ್ತದೆ’ ಎನ್ನುವವರು ಇದನ್ನು ಓದಿಕೊಂಡಿರುವುದಿಲ್ಲ. ಸಿಕ್ಕಿಬಿದ್ದರೆ ಹೋಗುವುದು ಅಕ್ಕನ ಪದವಿಯಲ್ಲ, ತಂಗಿಯ ಕೆಲಸ.

ಹಾಗಾದರೆ ಕಡಿಮೆ ಓದಿದವರಲ್ಲಿ ಒಳ್ಳೆಯ ಸ್ಕ್ರೈಬನ್ನು ಗುರುತಿಸುವುದು ಹೇಗೆ? ಗಣಪತಿ ಅರ್ಥವಾಗದೆ ಏನನ್ನೂ ಬರೆಯುವುದಿಲ್ಲ ಎಂದು ವ್ಯಾಸರಿಗೆ ಮಾತು ಕೊಟ್ಟನಂತೆ. ಪರೀಕ್ಷೆಯಲ್ಲಿ ಬೇಕಾದವನು ತದ್ವಿರುದ್ಧ. ಉತ್ತರ ಗೊತ್ತಿರಬಾರದು, ಆದರೆ ಆ ವಿಷಯದ ಪದಗಳ ಕಾಗುಣಿತ ಗೊತ್ತಿರಬೇಕು. ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ.

ಒಬ್ಬ ವಿದ್ಯಾರ್ಥಿನಿ, ಪೂರ್ತಿ ದೃಷ್ಟಿ ಇಲ್ಲ, ತಾಲ್ಲೂಕು ಕೇಂದ್ರವೊಂದರಲ್ಲಿ ದ್ವಿತೀಯ ಪಿಯುಸಿ ಕಲಾ ವಿಭಾಗ, ಕನ್ನಡ ಮಾಧ್ಯಮ. ಅವಳಿಗೆ ಪ್ರಥಮ ಪಿಯುಸಿಯ ಇಬ್ಬರು ಸಿಗುತ್ತಾರೆ. ಒಬ್ಬಳು ಅದೇ ಕಾಲೇಜಿನ ವಾಣಿಜ್ಯ ವಿಭಾಗದ ಹುಡುಗಿ, ಹತ್ತರವರೆಗೆ ಕನ್ನಡ ಮಾಧ್ಯಮ. ಇನ್ನೊಬ್ಬ ಅವಳ ಚಿಕ್ಕಪ್ಪನ ಮಗ, ಜಾಣ, ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವನು. ಮನೆಯವರ ಮನಸ್ಸು ಚಿಕ್ಕಪ್ಪನ ಮಗನ ಕಡೆಗೇ. ಅವಳು ಇಬ್ಬರಿಗೂ ಹಿಂದಿನ ವರ್ಷದ ಇತಿಹಾಸ ಪತ್ರಿಕೆಯ ಒಂದು ಉತ್ತರವನ್ನು ಹತ್ತು ನಿಮಿಷ ಹೇಳಿ ಬರೆಸುತ್ತಾಳೆ. ಆಮೇಲೆ ಕಣ್ಣು ಕಾಣುವ ಉಪನ್ಯಾಸಕರೊಬ್ಬರಿಂದ ಪದ ಎಣಿಸಿ, ತಪ್ಪು ಗುರುತು ಹಾಕಿಸುತ್ತಾಳೆ. ಹುಡುಗಿ 110 ಪದ ಬರೆದಿದ್ದಾಳೆ, ತಪ್ಪು ಒಂದೋ ಎರಡೋ. ಹುಡುಗ 160 ಪದ ಬರೆದಿದ್ದಾನೆ, ತಪ್ಪು 14. ‘ಸಹಾಯಕ ಸೈನ್ಯ ಪದ್ಧತಿ’ಯಲ್ಲಿ ದ್ಧ ಹೋಗಿ ದ ಆಗಿದೆ, ‘ಹೈದರಾಲಿ’ ‘ಐದರಾಲಿ’ ಆಗಿದ್ದಾನೆ, ‘ಒಡೆಯರ್’ ‘ಓಡೆಯರ್’ ಆಗಿದ್ದಾರೆ. ಕೇಳಿದ್ದನ್ನು ಬರೆಯುವಾಗ ಕಿವಿಗೆ ಸರಿಯಾಗಿ ಸಿಗದ ಮಹಾಪ್ರಾಣ, ಒತ್ತಕ್ಷರ, ಹ ಮತ್ತು ಅ, ಳ ಮತ್ತು ಲ, ಇವೇ ಕನ್ನಡದ ಸ್ಕ್ರೈಬ್ ಎಡವುವ ಗುಂಡಿಗಳು.

ಈಗ ಇಡೀ ಪತ್ರಿಕೆಗೆ ಗುಣಿಸಿ ನೋಡಬೇಕು. ಅವಳು ಬರೆಸುವ ಉತ್ತರಗಳೆಲ್ಲ ಸೇರಿ ಸುಮಾರು 1500 ಪದ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 11 ಪದದ ಹುಡುಗಿಗೆ ಬರೆಯಲು 136 ನಿಮಿಷ ಬೇಕು. ಪ್ರಶ್ನೆ ಓದಿಸಿಕೊಳ್ಳಲು 20, ಯೋಚಿಸಲು 35, ಬರೆದದ್ದನ್ನು ಮತ್ತೆ ಓದಿಸಿ ಕೇಳಲು 25. ಒಟ್ಟು 216 ನಿಮಿಷ. ಮೂರು ಗಂಟೆಯಲ್ಲಿ, ಅಂದರೆ 180 ನಿಮಿಷದಲ್ಲಿ, ಇದು ಮುಗಿಯುವುದೇ ಇಲ್ಲ. ನಾಲ್ಕು ಗಂಟೆ ಸಿಕ್ಕರೆ 24 ನಿಮಿಷ ಕೈಯಲ್ಲಿ ಉಳಿಯುತ್ತದೆ. ಗಂಟೆಗೆ 20 ನಿಮಿಷ ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರಿಗೆ ಈ ಲೆಕ್ಕ ತೋರಿಸಬಹುದು.

ಹುಡುಗನ ಕೈ ವೇಗ, 94 ನಿಮಿಷದಲ್ಲಿ ಮುಗಿಸುತ್ತಾನೆ. ಆದರೆ ಅದೇ ಪ್ರಮಾಣದಲ್ಲಿ ತಪ್ಪು ಮಾಡಿದರೆ 130ರಷ್ಟು ತಪ್ಪಾಗುತ್ತವೆ. ಒಂದೊಂದನ್ನು ಅಕ್ಷರ ಬಿಡಿಸಿ ಹೇಳಿ ತಿದ್ದಿಸಲು 20 ಸೆಕೆಂಡು ಹಿಡಿದರೂ ಮುಕ್ಕಾಲು ಗಂಟೆ ಹೋಯಿತು. ಕೂಡಿಸಿದರೆ 218 ನಿಮಿಷ, ಇಬ್ಬರೂ ಅಲ್ಲಿಗಲ್ಲಿಗೇ. ವ್ಯತ್ಯಾಸ ಇರುವುದು ಬೇರೆ ಕಡೆ. ಹುಡುಗನ ತಪ್ಪುಗಳನ್ನು ಅವಳು ಕಿವಿಯಿಂದ ಹಿಡಿಯಲಾರಳು. ‘ಪದತಿ’ ಎಂದು ಬರೆದವನು ಓದುವಾಗ ‘ಪದ್ಧತಿ’ ಎಂದೇ ಓದುತ್ತಾನೆ. ಅವಳಿಗೆ ಎಲ್ಲ ಸರಿಯಾಗಿಯೇ ಕೇಳಿಸುತ್ತದೆ, ಮೌಲ್ಯಮಾಪಕರ ಕಣ್ಣಿಗೆ ಮಾತ್ರ ಬೀಳುತ್ತದೆ. ಆದ್ದರಿಂದ ವೇಗಕ್ಕೆ ಎರಡನೇ ಸ್ಥಾನ, ಕಾಗುಣಿತಕ್ಕೆ ಮೊದಲ ಸ್ಥಾನ. ಅವಳು ವಾಣಿಜ್ಯದ ಹುಡುಗಿಯನ್ನೇ ಆರಿಸಿಕೊಳ್ಳಬೇಕು. ಚಿಕ್ಕಪ್ಪನ ಮಗನನ್ನು ಇಂಗ್ಲಿಷ್ ಪತ್ರಿಕೆಗೆ ಇಟ್ಟುಕೊಳ್ಳಬಹುದು. ಬೇರೆಬೇರೆ ಪತ್ರಿಕೆಗೆ, ವಿಶೇಷವಾಗಿ ಭಾಷಾ ಪತ್ರಿಕೆಗಳಿಗೆ, ಬೇರೆಬೇರೆ ಸ್ಕ್ರೈಬ್ ಇರಬಹುದು, ಒಂದು ವಿಷಯಕ್ಕೆ ಒಬ್ಬರೇ ಎಂದು ಮಾರ್ಗಸೂಚಿಯಲ್ಲೇ ಇದೆ.

ಹತ್ತು ನಿಮಿಷದ ಪರೀಕ್ಷೆ ಹೇಳದೆ ಬಿಡುವುದು ಒಂದಿದೆ, ದಣಿವು. ಮೂರನೇ ಗಂಟೆಯಲ್ಲಿ ಕೈ ಸೋಲುತ್ತದೆ, ಅಕ್ಷರ ಹರಡುತ್ತದೆ, ಗಮನ ಕಿಟಕಿಯಾಚೆ ಹೋಗುತ್ತದೆ. ಒಂದು ಸಲವಾದರೂ ಇಡೀ ಪತ್ರಿಕೆಯನ್ನು ನಾಲ್ಕು ಗಂಟೆ ಕೂತು ಬರೆಸಬೇಕು. ಮೊದಲ ಪುಟ, ಕೊನೆಯ ಪುಟ ಎರಡನ್ನೂ ಪಕ್ಕಪಕ್ಕ ಇಟ್ಟು ಯಾರಿಗಾದರೂ ತೋರಿಸಬೇಕು. ಕೊನೆಯ ಪುಟ ಓದಲು ಬರುವಂತಿದ್ದರೆ ಸರಿ.

ಆ ನಾಲ್ಕು ಗಂಟೆಯಲ್ಲಿ ಇಬ್ಬರಿಗೂ ಒಂದು ಸಂಕೇತಭಾಷೆ ಹುಟ್ಟುತ್ತದೆ. ಎಷ್ಟು ಪದಕ್ಕೊಮ್ಮೆ ನಿಲ್ಲಬೇಕು, ‘ಹೊಸ ಸಾಲು’ ಎಂದರೆ ಏನು, ‘ಅಡಿಗೆರೆ’ ಎಂದಾಗ ಹಿಂದಿನ ಯಾವ ಪದಕ್ಕೆ, ಬರೆಯುವವಳು ಹಿಂದೆ ಬಿದ್ದರೆ ಮೇಜು ತಟ್ಟಬೇಕೋ ‘ತಡಿ’ ಎನ್ನಬೇಕೋ. ಕೊನೆಯದು ಹಾಸ್ಯವಲ್ಲ. ಸ್ಕ್ರೈಬ್ ಬಾಯಿ ತೆರೆದರೆ ಮೇಲ್ವಿಚಾರಕರ ಕಿವಿ ನೆಟ್ಟಗಾಗುತ್ತದೆ. ಪ್ರಶ್ನೆ ಓದುವುದು, ಬರೆದದ್ದನ್ನು ಓದುವುದು, ‘ತಡಿ’, ‘ಮತ್ತೆ ಹೇಳು’, ಇಷ್ಟನ್ನು ಬಿಟ್ಟು ಸ್ಕ್ರೈಬಿಗೆ ಬೇರೆ ಮಾತಿಲ್ಲ ಎಂದು ಮೊದಲೇ ಗಟ್ಟಿ ಮಾಡಿಕೊಂಡಿರಬೇಕು. ‘ಹೂಂ? ಅದು ಹಾಗಾ?’ ಎಂಬ ಒಂದು ಉದ್ಗಾರ ಸಾಕು ಅನುಮಾನ ಹುಟ್ಟಲು. ಮನೆಯವರು ಸ್ಕ್ರೈಬ್ ಆದಾಗ ಈ ಕಾಯಿಲೆ ಜಾಸ್ತಿ. ಅಣ್ಣತಂಗಿಯರು ಪರೀಕ್ಷೆಯಲ್ಲೂ ಜಗಳವಾಡುತ್ತಾರೆ.

ಇತಿಹಾಸ, ಭೂಗೋಳ, ಅರ್ಥಶಾಸ್ತ್ರದಂಥ ಪತ್ರಿಕೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ನಕ್ಷೆ, ರೇಖಾಚಿತ್ರದ ಪ್ರಶ್ನೆಗೆ ಬದಲಾಗಿ ದೃಷ್ಟಿ ಇಲ್ಲದವರಿಗೆಂದೇ ಪರ್ಯಾಯ ಪ್ರಶ್ನೆ ಅಚ್ಚಾಗಿರುತ್ತದೆ, ಹಲವು ಸಲ ಪತ್ರಿಕೆಯ ತುದಿಯಲ್ಲಿ. ಹೊಸ ಸ್ಕ್ರೈಬ್ ಮೊದಲ ಪುಟದಿಂದ ಓದುತ್ತಾ ಬಂದು ‘ನಕ್ಷೆ ಬರೆಯಿರಿ’ ಎಂಬಲ್ಲಿ ನಿಂತುಬಿಡುತ್ತಾಳೆ, ವಿದ್ಯಾರ್ಥಿನಿ ಆ ಅಂಕ ಬಿಟ್ಟುಕೊಡುತ್ತಾಳೆ. ಪತ್ರಿಕೆ ಕೈಗೆ ಬಂದಕೂಡಲೇ ಉತ್ತರಕ್ಕೆ ಕೈಹಾಕದೆ ಕೊನೆಯ ಸಾಲಿನವರೆಗೂ, ಸೂಚನೆಗಳ ಸಮೇತ ಓದಿಸಿಕೊಳ್ಳಬೇಕು.

ಗಣಿತಕ್ಕೆ ಈ ಸೂತ್ರಗಳು ಸಾಲವು. ‘ಎಕ್ಸ್ ಪ್ಲಸ್ ಒಂದರ ವರ್ಗ’ ಎಂದರೆ (x + 1)² ಆಗಬಹುದು, x + 1² ಕೂಡ ಆಗಬಹುದು. ಕಾಣುವವರಿಗೆ ಒಂದು ನೋಟದಲ್ಲಿ ತಿಳಿಯುವ ಆವರಣವನ್ನು ಹೇಳಿ ತೋರಿಸಬೇಕು, ‘ಆವರಣ ತೆರೆ, ಎಕ್ಸ್ ಪ್ಲಸ್ ಒಂದು, ಆವರಣ ಮುಚ್ಚು, ವರ್ಗ’. ಭಿನ್ನರಾಶಿಗೂ ಅಷ್ಟೆ, ಗೆರೆಯ ಮೇಲೆ ಎಲ್ಲಿಯವರೆಗೆ, ಕೆಳಗೆ ಎಲ್ಲಿಂದ ಎಂದು ಹೇಳದಿದ್ದರೆ ಲೆಕ್ಕವೇ ಬೇರೆಯಾಗುತ್ತದೆ. ಗಣಿತಕ್ಕೆ ಸ್ಕ್ರೈಬ್ ಆಗುವವರು ಚಿಹ್ನೆಗಳನ್ನು ತಡವರಿಸದೆ ಬರೆಯಬಲ್ಲವರಾಗಿರಬೇಕು. ವಿಷಯ ಗೊತ್ತಿಲ್ಲದವರೇ ಲೇಸು ಎಂಬ ನನ್ನ ಮಾತು ಇಲ್ಲಿ ಸ್ವಲ್ಪ ಸಡಿಲವಾಗುತ್ತದೆ. ಓಎಂಆರ್ ಹಾಳೆಯ ಪರೀಕ್ಷೆಗಳಲ್ಲಿ ಅಪಾಯ ಒಂದೇ, ಸಾಲು ತಪ್ಪುವುದು. ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದಾಗ ಸ್ಕ್ರೈಬಿನ ಪೆನ್ನು ಆ ಸಾಲನ್ನು ಖಾಲಿ ಬಿಡದೆ ಅದರಲ್ಲೇ ಗುಂಡಿ ತುಂಬಿಬಿಡುತ್ತದೆ, ಅಲ್ಲಿಂದಾಚೆಗೆ ಎಲ್ಲವೂ ಒಂದೊಂದು ಮನೆ ಸರಿದಿರುತ್ತದೆ. ಹತ್ತು ಪ್ರಶ್ನೆಗೊಮ್ಮೆ ‘ಪ್ರಶ್ನೆ ಸಂಖ್ಯೆ ಎಷ್ಟು, ತುಂಬಿದ ಸಾಲು ಎಷ್ಟು’ ಎಂದು ಕೇಳಿಕೊಂಡರೆ ತಪ್ಪು ಹತ್ತರೊಳಗೇ ಸಿಗುತ್ತದೆ.

ಯಾರು ಸಿಗುತ್ತಾರೆ ಎನ್ನುವುದಕ್ಕಿಂತ ಯಾವಾಗ ಸಿಗುತ್ತಾರೆ ಎನ್ನುವುದು ಹಲವರ ಕಷ್ಟ. ಒಂದು ಮೆಟ್ಟಿಲು ಕೆಳಗಿನವರೂ ವಿದ್ಯಾರ್ಥಿಗಳೇ, ಅವರಿಗೂ ಪರೀಕ್ಷೆ ಇರುತ್ತದೆ. ಪಿಯುಸಿಯಲ್ಲಿ ಪರವಾಗಿಲ್ಲ, ದ್ವಿತೀಯ ಪಿಯುಸಿ ಪರೀಕ್ಷೆ ನಡೆಯುವ ಹೊತ್ತಿಗೆ ಪ್ರಥಮ ಪಿಯುಸಿಯದು ಮುಗಿದಿರುತ್ತದೆ. ಎಸ್ಎಸ್ಎಲ್‌ಸಿಯಲ್ಲಿ ಒಂಬತ್ತನೇ ತರಗತಿಯ ವಾರ್ಷಿಕ ಪರೀಕ್ಷೆಯೂ ಹತ್ತಿರದಲ್ಲೇ ಬರುತ್ತದೆ. ಪದವಿಯ ಸೆಮಿಸ್ಟರುಗಳಲ್ಲಂತೂ ಕೆಳಗಿನವರದೂ ಮೇಲಿನವರದೂ ಒಂದೇ ವಾರ. ಆದ್ದರಿಂದ ಒಬ್ಬರ ಜೊತೆಗೆ ಇನ್ನೊಬ್ಬರನ್ನೂ ಅಭ್ಯಾಸ ಮಾಡಿಸಿಟ್ಟುಕೊಂಡು, ಇಬ್ಬರ ದಾಖಲೆಯನ್ನೂ ಮೊದಲೇ ಕೊಟ್ಟಿರುವುದು ಒಳ್ಳೆಯದು. ತುರ್ತಿನಲ್ಲಿ ಸ್ಕ್ರೈಬ್ ಬದಲಾಯಿಸಲು ಅವಕಾಶ ಕೊಡಬೇಕೆಂದು ಮಾರ್ಗಸೂಚಿ ಹೇಳಿದೆ ನಿಜ, ಆದರೆ ಪರೀಕ್ಷೆಯ ಬೆಳಿಗ್ಗೆ ಒಂಬತ್ತೂವರೆಗೆ ಅದನ್ನು ಓದಿ ಹೇಳುವ ತಾಳ್ಮೆ ಮುಖ್ಯ ಅಧೀಕ್ಷಕರಿಗೂ ಇರುವುದಿಲ್ಲ. ಬೆಂಗಳೂರಿನಂಥ ಊರಿನಲ್ಲಿ ಸ್ವಯಂಸೇವಕರ ಬಳಗಗಳಿವೆ. ಅಲ್ಲಿನ ಎನ್.ಎಂ. ಪುಷ್ಪಾ ನೂರಾರು ಪರೀಕ್ಷೆಗಳನ್ನು ಬರೆದುಕೊಟ್ಟು 2018ರ ನಾರಿ ಶಕ್ತಿ ಪುರಸ್ಕಾರ ಪಡೆದವರು. ತಾಲ್ಲೂಕಿನಲ್ಲಿ ಹಾಗೆ ನಂಬಿ ಕೂರುವಂತಿಲ್ಲ.

ಪರೀಕ್ಷೆಯ ದಿನ ಸಮಯದ ವಿಷಯ ಹಾದಿ ತಪ್ಪುವುದು ಹೆಚ್ಚಾಗಿ ಎರಡು ರೀತಿ. ಕಾಗದದ ಪರೀಕ್ಷೆಯಲ್ಲಿ ಮೇಲ್ವಿಚಾರಕರಿಗೆ ಯಾರೂ ಹೇಳಿರುವುದಿಲ್ಲ, ಉಳಿದವರ ಗಂಟೆ ಹೊಡೆದಾಗ ಅವರು ಪತ್ರಿಕೆಗೆ ಕೈಚಾಚುತ್ತಾರೆ. ಕಂಪ್ಯೂಟರಿನ ಪರೀಕ್ಷೆಯಲ್ಲಿ ಸಮಯವನ್ನು ಯಂತ್ರದಲ್ಲೇ ಸೇರಿಸಿರಬೇಕು. ಸೇರಿಸದಿದ್ದರೆ ಒಂದು ಗಂಟೆಯ ಪರೀಕ್ಷೆಯಲ್ಲಿ 60 ನಿಮಿಷಕ್ಕೆ ಪರದೆ ತಾನೇ ಮುಚ್ಚಿಕೊಳ್ಳುತ್ತದೆ, ಆಮೇಲೆ ಯಾರ ಸಹಿಯೂ ಅದನ್ನು ತೆರೆಯುವುದಿಲ್ಲ. ಮೊದಲನೆಯದಕ್ಕೆ ಮದ್ದು ಅನುಮತಿ ಪತ್ರದ ಪ್ರತಿಯನ್ನು ಪ್ರವೇಶಪತ್ರದ ಜೊತೆಗೇ ಮೇಜಿನ ಮೇಲಿಟ್ಟು, ಶುರುವಾಗುವ ಮೊದಲೇ ಮುಗಿಯುವ ಗಂಟೆಯನ್ನು ಅವರ ಬಾಯಲ್ಲೇ ಹೇಳಿಸುವುದು. ಎರಡನೆಯದಕ್ಕೆ ಲಾಗಿನ್ ಆದಕೂಡಲೇ ಪರದೆಯ ಮೂಲೆಯಲ್ಲಿ ಉಳಿದ ಸಮಯ ಎಷ್ಟು ತೋರಿಸುತ್ತಿದೆ ಎಂದು ಸ್ಕ್ರೈಬಿನಿಂದ ಓದಿಸುವುದು. 80 ಎಂದಿರಬೇಕಾದಲ್ಲಿ 60 ಎಂದಿದ್ದರೆ ಮೊದಲ ಪ್ರಶ್ನೆಯನ್ನು ಮುಟ್ಟದೆ ಕೈಯೆತ್ತಬೇಕು.

ಸ್ವಂತ ಸ್ಕ್ರೈಬ್ ಎಂಬ ಈ ವ್ಯವಸ್ಥೆಯೇ ಈಗ ಬದಲಾಗುವ ಹಾದಿಯಲ್ಲಿದೆ. 2025ರ ಫೆಬ್ರವರಿಯಲ್ಲಿ ಗುಲ್ಶನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಸೌಲಭ್ಯಗಳನ್ನು ಶೇ 40ರ ಭೇದವಿಲ್ಲದೆ ಎಲ್ಲ ಅಂಗವಿಕಲ ಅಭ್ಯರ್ಥಿಗಳಿಗೂ ಕೊಡಬೇಕೆಂದಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗಾಗಿ ಬಂದ ಹೊಸ ಮಾರ್ಗಸೂಚಿ ಅಕ್ರಮದ ಭಯದಿಂದ ಸ್ವಂತ ಸ್ಕ್ರೈಬ್ ತರುವುದನ್ನು ನಿರುತ್ಸಾಹಗೊಳಿಸುತ್ತದೆ, ತರಬೇತಾದ ಸ್ಕ್ರೈಬ್‌ಗಳ ಪಟ್ಟಿಯನ್ನು ಪರೀಕ್ಷಾ ಸಂಸ್ಥೆಗಳೇ ಬೆಳೆಸಬೇಕೆನ್ನುತ್ತದೆ. ಅಕ್ರಮ ನಡೆದಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ದೆಹಲಿಯಲ್ಲಿ ಕೂತು ಬರೆದ ಪಟ್ಟಿಯಲ್ಲಿ ಯಾದಗಿರಿಯ ಕೇಂದ್ರಕ್ಕೆ ಕನ್ನಡ ಕಾಗುಣಿತ ಬಲ್ಲವರು ಬರುತ್ತಾರೆಯೇ ಎಂಬ ನನ್ನ ಅನುಮಾನವೂ ಹೋಗುವುದಿಲ್ಲ. ಅರ್ಜಿ ಹಾಕುವಾಗ ಆಯಾ ಅಧಿಸೂಚನೆಯ ಸ್ಕ್ರೈಬ್ ಕಲಮನ್ನು ಪೂರ್ತಿ ಓದಿಸಿಕೊಳ್ಳದೆ ಹಳೆಯ ನಿಯಮ ನಂಬಿ ಹೋಗಬಾರದು.

ಸಂಸ್ಥೆ ಕೊಟ್ಟವರನ್ನೇ ಇಟ್ಟುಕೊಳ್ಳಬೇಕಾದರೂ ಆಯ್ಕೆ ಪೂರ್ತಿ ಮುಗಿದಿಲ್ಲ. ಪರೀಕ್ಷೆಗೆ ಎರಡು ದಿನ ಮೊದಲು ಸ್ಕ್ರೈಬನ್ನು ಭೇಟಿಯಾಗಿ, ಅವರು ಹೊಂದುತ್ತಾರೋ ಇಲ್ಲವೋ ನೋಡಲು ಅವಕಾಶ ಕೊಡಬೇಕೆಂದು 2018ರಲ್ಲೇ ಬರೆದಿಟ್ಟಿದ್ದಾರೆ. ಆ ಭೇಟಿ ‘ಹೆಸರೇನು, ಯಾವ ಊರು’ ಎಂಬಲ್ಲಿಗೆ ಮುಗಿಯುವುದೇ ಹೆಚ್ಚು. ಒಂದು ಬಿಳಿ ಹಾಳೆ ಕೊಟ್ಟು ಹತ್ತು ಪದ ಹೇಳಬೇಕು. ಪದ್ಧತಿ, ಹೈದರಾಲಿ, ಒಡೆಯರ್, ಅಧ್ಯಕ್ಷ, ವಿಕೇಂದ್ರೀಕರಣ, ಶೋಷಣೆ, ಸಂವಿಧಾನ, ಫಲವತ್ತತೆ, ಉಳುವವನು, ಅರ್ಥವ್ಯವಸ್ಥೆ. ಹಾಳೆಯನ್ನು ಜೊತೆಗೆ ಬಂದವರ ಕೈಗೆ ಕೊಡಬೇಕು. ನಾಲ್ಕು ತಪ್ಪಿದ್ದರೆ ಬೇರೆಯವರನ್ನು ಕೇಳಲು ಇನ್ನೂ ಎರಡು ದಿನ ಇದೆ.